ಸೆರಗಿನ ಆನೆ, ಪುಸ್ತಕದ ಸಾಕ್ಷಿ

ನಾನು ಮೊಳಕಾಲ್ಮೂರಿನ ನೇಕಾರರ ಮನೆಗೆ ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ಅಕ್ಷರ ಬಲ್ಲವರು ಇಬ್ಬರೇ. ಒಬ್ಬರು ನನ್ನ ಯಜಮಾನರು. ಅವರು ತಿಂಗಳಲ್ಲಿ ಹದಿನೈದು ದಿನ ನೂಲು ತರಲು ಬೆಂಗಳೂರು ಕಡೆ ಹೋಗಿಬಿಡುತ್ತಿದ್ದರು. ಇನ್ನೊಬ್ಬಳು ನಾನು. ದೊಡ್ಡಉಳ್ಳಾರ್ತಿಯ ನನ್ನ ತವರಿನಲ್ಲಿ ತಾತ ಅಂಗಳದ ಮರಳಿನ ಮೇಲೆ ನನ್ನ ಬೆರಳು ಹಿಡಿದು ತಿದ್ದಿಸಿದ್ದರು. ಕಾವಲಿನ ಹುಲ್ಲುಬಯಲ ಕಡೆಯಿಂದ ಗಾಳಿ ಬೀಸಿದರೆ ಬರೆದದ್ದು ಅಳಿಸಿಹೋಗುತ್ತಿತ್ತು. ಅದಕ್ಕೇ ನಾನು ಬೇಗ ಬೇಗ ಬರೆಯುವುದನ್ನು ಕಲಿತೆ. ಆ ವೇಗ ಮುಂದೆ ನನಗೆ ಎಷ್ಟು ಉಪಕಾರ ಮಾಡಿತೋ ಅಷ್ಟೇ ಫಜೀತಿಗೂ ತಳ್ಳಿತು.

ಮಾವ ಮೂರು ಮಗ್ಗದ ಯಜಮಾನರು. ಮದುವೆ ಸೀರೆಗಳನ್ನು ಹೇಳಿಸಿಕೊಂಡು ನೇಯಿಸಿಕೊಡುವುದು ಅವರ ಕಸುಬು. ಎಲ್ಲ ಲೆಕ್ಕವೂ ಅವರ ತಲೆಯಲ್ಲಿ. ತಲೆಗೆ ಸಹಾಯವಾಗಿ, ಯಾರು ಯಾವ ಬಣ್ಣ ಹೇಳಿದರೋ ಆ ಬಣ್ಣದ ಎಳೆಯೊಂದನ್ನು ಪಡಸಾಲೆಯ ತೊಲೆಗೆ ಕಟ್ಟುತ್ತಿದ್ದರು. ನಾನು ಬಂದ ವರ್ಷ ಒಂದು ಇಲಿ ಆ ತೊಲೆಯ ಮೇಲೆ ಓಡಾಡಿ ಎರಡು ಮದುವೆಗಳನ್ನು ತಿಂದುಹಾಕಿತು. ಒಂದು ಸೀರೆಯ ಒಡಲು ಯಾವ ಬಣ್ಣ ಎಂದು ಮಾವನಿಗೆ ಮೂರು ದಿನ ನೆನಪಾಗಲಿಲ್ಲ. ನಾಲ್ಕನೆಯ ದಿನ ಅವರು ನಡುಮನೆಯ ಬಾಗಿಲಿಗೆ ಬಂದು ಕೆಮ್ಮಿದರು.

"ಅಮ್ಮಾಯಿ, ನಿಂಗೆ ಬರಿಯೋಕೆ ಬರ್ತೈತಂತೆ, ಹೌದಾ?"

"ಬರ್ತೈತೆ ಮಾವ."

"ಇಲಿ ತಿನ್ನದಂಗೆ ಬರಿ ಮತ್ತೆ."

ಹೀಗೆ ನಮ್ಮ ಸೀರೆ ಪುಸ್ತಕ ಹುಟ್ಟಿತು. ಸಂತೆಯಿಂದ ತಂದ ಕಾಗದವನ್ನು ಮಡಿಸಿ, ಮಗ್ಗದ ಹುರಿಯಿಂದ ಹೊಲಿದು, ಹಳೆಯ ಸೀರೆಯ ತುಂಡನ್ನು ಮೇಲುಹೊದಿಕೆ ಮಾಡಿದೆ. ಒಂದೊಂದು ಸೀರೆಗೆ ಒಂದೊಂದು ಹಾಳೆ. ಮೇಲೆ, ಯಾರ ಮನೆ, ಯಾವ ಊರು. ಅದರ ಕೆಳಗೆ ಒಡಲು, ಅಂಚು, ಸೆರಗು. ಆಮೇಲೆ ಅವರು ಮುಂಗಡವಾಗಿ ಕೊಟ್ಟ ಸಂಚಕಾರ. ಆಮೇಲೆ ಗಡುವು: ಯಾವ ಮಾಸ, ಯಾವ ತಿಥಿಗೆ ಸೀರೆ ಕೊಡಬೇಕು ಅಂತ. ಹಾಳೆಯ ಅಂಚಿಗೆ ಸೂಜಿಯಿಂದ ತೂತು ಮಾಡಿ ಹೇಳಿದ ಬಣ್ಣದ ಎಳೆಗಳನ್ನೇ ಕಟ್ಟುತ್ತಿದ್ದೆ. ಯಾಕೆಂದರೆ ಹೆಂಗಸರು ಹೇಳುವ ಕುಂಕುಮದ ಬಣ್ಣ ಊರಿಗೊಂದು, ಎಳೆಯಾದರೆ ಒಂದೇ. ಕೊನೆಗೆ "ಬದಲು" ಎಂದು ಬರೆದು ಎರಡು ಬೆರಳಗಲ ಜಾಗ ಬಿಡುತ್ತಿದ್ದೆ. ಎರಡು ಬೆರಳು ಸಾಕು ಅಂದುಕೊಂಡಿದ್ದೆ; ಆಗ ನನಗೆ ಹದಿನೆಂಟು ವರ್ಷ, ಮದುವೆಮನೆಗಳ ಬುದ್ಧಿ ಇನ್ನೂ ತಿಳಿದಿರಲಿಲ್ಲ.

ಗಿರಾಕಿಗಳ ಮುಂದೆ ಸೊಸೆ ಪಡಸಾಲೆಗೆ ಬಂದು ಕೂರುವ ರೂಢಿ ಇರಲಿಲ್ಲ. ನಡುಮನೆಯ ಹೊಸ್ತಿಲಿನೊಳಗೆ, ಬಾಗಿಲ ಮರೆಯಲ್ಲಿ, ಲಾಳಿಗೆ ನೂಲಿನ ಕಂಡಿಕೆ ಸುತ್ತುವ ರಾಟೆಯ ಪಕ್ಕ ನಾನು. ಹೊರಗೆ ಮಾವ ಮತ್ತು ಗಿರಾಕಿಗಳು. ಅವರು ಆಡಿದ್ದನ್ನು ನಾನು ಬರೆದುಕೊಳ್ಳುವುದು. ಮೊದಮೊದಲು ಎಷ್ಟು ನಿಷ್ಠೆಯಿಂದ ಬರೆದೆನೆಂದರೆ, ಒಬ್ಬರ ಹಾಳೆಯಲ್ಲಿ "ನೀರು ಕೇಳಿದರು, ಮಜ್ಜಿಗೆ ಕೊಟ್ಟೆವು" ಎಂಬುದೂ ಇದೆ.

ಅತ್ತೆಗೆ ಈ ಪುಸ್ತಕವೆಂದರೆ ಅಷ್ಟಕ್ಕಷ್ಟೆ. "ಬಾಯಲ್ಲಿ ಆಡಿದ್ದು ಗಾಳಿಗೆ ಹೋಗ್ತೈತೆ, ಜಗಳಾನೂ ಹೋಗ್ತೈತೆ. ನೀನು ಹಿಡಿದು ಕಟ್ಟಿಹಾಕ್ತಿದ್ದೀಯ ನೋಡು," ಅನ್ನುತ್ತಿದ್ದರು. ಆ ಮಾತು ಎಷ್ಟು ನಿಜ ಎಂದು ಚಳ್ಳಕೆರೆಯ ಸಾಹುಕಾರರ ಮನೆಯ ಸೀರೆ ಬಂದಾಗ ಗೊತ್ತಾಯಿತು.

ಆ ಸಾಹುಕಾರರದು ಕಂಬಳಿ ವ್ಯಾಪಾರ. ಅವರ ಮಗನಿಗೆ ಮದುವೆ ಗೊತ್ತಾಗಿತ್ತು; ಹೆಣ್ಣಿಗೆ ಉಡಿಸಲು ಧಾರೆ ಸೀರೆ ಬೇಕು. ಸಾಹುಕಾರರ ತಾಯಿ, ಹೆಂಡತಿ ಇಬ್ಬರೂ ಗಾಡಿ ಕಟ್ಟಿಸಿಕೊಂಡು ಬಂದರು. ತಾಯಿ ಎತ್ತರದ ಮುದುಕಿ, ಗಟ್ಟಿ ದನಿ. ಹೆಂಡತಿ ಮೆತ್ತನೆಯ ಮಾತಿನವರು. ಆದರೆ ಮೆತ್ತನೆಯ ಮಾತು ಎಲ್ಲೆಲ್ಲಿ ನುಗ್ಗುತ್ತದೆ ಎಂಬುದನ್ನು ಆಮೇಲೆ ನೋಡಿದೆ. ಅತ್ತೆಸೊಸೆ ಒಂದೇ ಬಾಯಲ್ಲಿ ಹೇಳಿದರು: ಒಡಲು ಕುಂಕುಮ, ಅಂಚು ಹಸಿರು, ಅಂಚಿನೊಳಗೆ ರುದ್ರಾಕ್ಷಿ ಸಾಲು, ಸೆರಗಿಗೆ ಬರೀ ಜರಿಯ ಪಟ್ಟಿ. ವೈಶಾಖ ಶುದ್ಧ ಪಂಚಮಿಗೆ ಸೀರೆ ಕೈಗೆ ಬರಬೇಕು. ಮದುವೆ ಹುಣ್ಣಿಮೆ ಕಳೆದ ಮೇಲೆ. ಹತ್ತು ರೂಪಾಯಿ ಸಂಚಕಾರವನ್ನು ವೀಳ್ಯದೆಲೆಯ ಮೇಲಿಟ್ಟು ಕೊಟ್ಟರು. ನಾನು ಬರೆದೆ. ಕುಂಕುಮದ ಎಳೆ, ಹಸಿರು ಎಳೆ ಕಟ್ಟಿದೆ. ಇಷ್ಟು ಚೊಕ್ಕವಾದ ಹಾಳೆ ಆ ಪುಸ್ತಕದಲ್ಲಿ ಮತ್ತೊಂದು ಇರಲಿಲ್ಲ.

ಆರನೆಯ ದಿನ ಕಂಬಳಿ ಹೊತ್ತವನೊಬ್ಬ ಬಂದ. ಸಾಹುಕಾರರ ಹೆಂಡತಿ ಹೇಳಿಕಳಿಸಿದ್ದರು: ಹಸಿರು ಅಂಚು ಬೇಡ, ನೇರಳೆ ಇರಲಿ. "ಅತ್ತೆಯವ್ರಿಗೆ ಗೊತ್ತಾಗೋದು ಬ್ಯಾಡಂತ್ರಿ," ಎಂದು ಅವನು ಬೀದಿಗೆಲ್ಲ ಕೇಳುವಂತೆ ಹೇಳಿ ಹೋದ.

ಮಾವ ಬದಲಿನ ವಿಷಯದಲ್ಲಿ ಒಂದು ನಿಯಮ ಇಟ್ಟುಕೊಂಡಿದ್ದರು. ಸೀರೆಯ ಉದ್ದಕ್ಕೂ ಹೋಗುವ ಎಳೆಗಳ ಹಾಸು ಬೀದಿಯಲ್ಲಿ ಎಳೆದು ಮಗ್ಗಕ್ಕೆ ಏರುವತನಕ ಏನು ಬೇಕಾದರೂ ಬದಲಿಸಬಹುದು. ಏರಿದ ಮೇಲೆ ಒಡಲೂ ಅಂಚೂ ಅಷ್ಟೇ, ಬ್ರಹ್ಮ ಬಂದರೂ ಕದಲದು. ಆ ಬಣ್ಣಗಳು ಹಾಸಿನಲ್ಲೇ ಕೂತುಬಿಟ್ಟಿರುತ್ತವೆ. ಸೆರಗಿನ ಚಿತ್ತಾರ ಮಾತ್ರ ಅಡ್ಡ ಹೊಕ್ಕಿನಲ್ಲಿ ಮೂಡುವಂಥದ್ದು, ನಾವು ಅದನ್ನು ಕೊನೆಗೆ ನೇಯುತ್ತಿದ್ದೆವು. ಆದ್ದರಿಂದ ಅಲ್ಲಿಗೆ ಮುಟ್ಟುವತನಕ ಸೆರಗಿಗೆ ಬದಲು ಹೇಳಬಹುದು. ಎರಡು ಬದಲು ಬಂದರೆ ಕೊನೆಯದೇ ಮಾತು. ಸಾಹುಕಾರರ ಹಾಸು ಇನ್ನೂ ಎಳೆದಿರಲಿಲ್ಲ. ಹಾಗಾಗಿ ಹಸಿರು ಎಳೆಯ ಪಕ್ಕ ನೇರಳೆ ಎಳೆ ಕಟ್ಟಿ, ಯಾರು ಹೇಳಿದ್ದು, ಯಾರ ಕೈಲಿ ಎಂದು ಬರೆದೆ.

ಹಾಸು ಏರಿದ ಎಂಟು ದಿನಕ್ಕೆ ಬಳೆಗಾರ್ತಿಯೊಬ್ಬಳು ಅಂಗಳಕ್ಕೆ ಬಂದು ಕೂತಳು. ಅವಳ ಬುಟ್ಟಿಯಲ್ಲಿ ಬಳೆ, ಬಾಯಲ್ಲಿ ಮುದುಕಿಯ ಮಾತು. "ಸೆರಗಿಗೆ ಗಿಳಿ ಹಾಕ್ಬೇಕಂತೆ ಕಣವ್ವ. ಜೋಡಿ ಗಿಳಿ. ಸೊಸೆಗೆ ಹೇಳಿದ್ರೆ ಬ್ಯಾಡ ಅಂತಾಳೆ, ಅದಕ್ಕೆ ಬಾಯಿ ಬಿಡ್ಬ್ಯಾಡ್ರಿ ಅಂದ್ರು."

ಬರೆದೆ.

ಇನ್ನೊಂದು ವಾರಕ್ಕೆ ಸಾಹುಕಾರರ ಗಾಡಿಯವನು. ಸೊಸೆಯವರಿಗೆ ಸೆರಗಿನಲ್ಲಿ ಹೂಬಳ್ಳಿ ಬೇಕಂತೆ. ಅತ್ತೆಗೆ ತಿಳಿಸಬಾರದಂತೆ.

ಅದನ್ನೂ ಬರೆದೆ. ಬದಲಿನ ಎರಡು ಬೆರಳ ಜಾಗ ಮುಗಿದು ಹಾಳೆಯ ಬೆನ್ನಿಗೆ ಹೋದೆ. ಮಾವ ಬಾಗಿಲ ಬಳಿ ಕೂತು ಕೇಳಿಸಿಕೊಂಡು ಗಡ್ಡ ಕೆರೆದರು. "ಕೊನೆ ಮಾತೇ ಮಾತು ಅಂದ್ರೆ ಬಳ್ಳಿ ಹಾಕ್ಬೇಕು. ಗಿಳಿ ಬಿಟ್ರೆ ಮುದುಕಿ ನಮ್ಮನ್ನ ಬಿಡಲ್ಲ. ಬಳ್ಳಿ ಮ್ಯಾಲೆ ಗಿಳಿ ಕೂರ್ಸಿದ್ರೆ?"

ಮಗ್ಗದ ಮೇಲಿದ್ದ ಮುದಿ ನೇಕಾರನನ್ನು ನಾವೆಲ್ಲ ಮಗ್ಗದ ತಾತ ಅನ್ನುತ್ತಿದ್ದೆವು. ಸೆರಗಿನ ಚಿತ್ತಾರಕ್ಕೆ ಒಂದೊಂದು ಎಳೆಯನ್ನೂ ಬೆರಳಲ್ಲಿ ಎತ್ತಿ ಜರಿ ತೂರಿಸಬೇಕಾದವನು ಅವನು. "ಕೂರ್ಸಿರಿ, ಕೂರ್ಸಿರಿ. ನಿಮ್ದೇನು, ಬಾಯಲ್ಲಿ ಕೂರ್ಸ್ತೀರಿ. ನಾನು ಬೆರಳಲ್ಲಿ ಕೂರ್ಸ್ಬೇಕು," ಎಂದು ಗೊಣಗಿದ.

ಇಲ್ಲಿಗೆ ಮುಗಿದಿದ್ದರೆ ಬಚಾವಾಗುತ್ತಿದ್ದೆವು. ಆದರೆ ಯುಗಾದಿಯಾದ ಮೇಲೆ ಸ್ವತಃ ಸಾಹುಕಾರರೇ ಬಂದರು. ರಾಯದುರ್ಗಕ್ಕೆ ಕಂಬಳಿ ಹಾಕಿ ಹಿಂದಿರುಗುತ್ತಿದ್ದರು. ಎಲೆ ಅಡಿಕೆ ಜಗಿಯುತ್ತ ಪಡಸಾಲೆಯಲ್ಲಿ ಕೂತು, "ಏನ್ರಿ ಯಜಮಾನ್ರೇ, ನಮ್ಮ ಹೆಂಗಸ್ರು ಬದಲು ಗಿದಲು ಅಂತ ಏನೂ ತಲೆ ತಿನ್ಲಿಲ್ಲ ತಾನೆ?" ಎಂದು ಕೇಳಿದರು.

ಮಾವ "ಏನಿಲ್ಲ, ಏನಿಲ್ಲ" ಅಂದರು. ಬಾಗಿಲ ಮರೆಯಲ್ಲಿ ನನಗೆ ನಗು ಬಂದು ರಾಟೆಯನ್ನು ಜೋರಾಗಿ ತಿರುಗಿಸಿದೆ.

"ಹೆಂಗಸ್ರ ಬುದ್ಧಿ ಕ್ಷಣಕ್ಕೊಂದು. ನಾನು ನೋಡ್ರಿ, ಒಂದೇ ಮಾತಿನವ. ಈಗ ಬಂದಿದ್ದು ಯಾಕಂದ್ರೆ, ಸೆರಗಿಗೆ ಒಂದು ಸಾಲು ಆನೆ ಹಾಕ್ಸ್ರಿ. ನಮ್ಮ ಮನೆ ಸೀರೆ ಅಂದ್ರೆ ನಾಲ್ಕು ಜನ ತಿರುಗಿ ನೋಡ್ಬೇಕು. ಮನೇಲಿ ಹೇಳ್ಬ್ಯಾಡ್ರಿ, ಕಂಡು ಬೆರಗಾಗ್ಲಿ."

ಆನೆ ಹಾಕಿದರೆ ಐದು ದಿನ ಹೆಚ್ಚಿಗೆ ಬೇಕು, ಪಂಚಮಿಯ ಬದಲು ದಶಮಿ ಆಗುತ್ತದೆ ಎಂದರು ಮಾವ. ಆಗಲಿ ಅಂದರು ಸಾಹುಕಾರರು. ಮಾವ ಹೇಳಿದ ಪುಸ್ತಕದ ಸುದ್ದಿ ಕೇಳಿ ಅವರಿಗೆ ಬಲು ಕುತೂಹಲ. ನಾನು ಬಳ್ಳಿಯ ಸಾಲಿನ ಕೆಳಗೆ ಜಾಗವಿರುವ ಕಡೆಗೆ ಹಾಳೆಯನ್ನು ಮಡಿಸಿ, ಮೇಲಿನದೇನೂ ಕಾಣದಂತೆ ಹಿಡಿದು ಹೊಸ್ತಿಲ ಮೇಲಿಟ್ಟೆ. ಅವರು ವ್ಯಾಪಾರಿಗಳಲ್ಲವೇ, ತಾವೇ ಸೀಸದ ಕಡ್ಡಿ ತೆಗೆದುಕೊಂಡು ಬಾಲ ಎಳೆದ ಅಕ್ಷರದಲ್ಲಿ "ಸೆರಗಿಗೆ ಆನೆ ಸಾಲು, ಗಡುವು ದಶಮಿ, ಒಪ್ಪಿದೆ" ಎಂದು ಬರೆದು, ಕೆಳಗೆ ರುಜುವನ್ನೂ ಹಾಕಿದರು. "ಹಿಂಗಿರ್ಬೇಕು ನೋಡ್ರಿ, ಬರವಣಿಗೆ ಇದ್ರೆ ತಕರಾರಿಲ್ಲ," ಎಂದು ಹೊಗಳಿ ಹೋದರು.

ಮಗ್ಗದ ತಾತನಿಗೆ ಆನೆಯ ಸುದ್ದಿ ಹೇಳುವ ಧೈರ್ಯ ಮಾವನಿಗೂ ಇರಲಿಲ್ಲ. ನಮ್ಮ ಅತ್ತೆಯ ಕೈಲಿ ಬೆಲ್ಲದ ಕಾಫಿ ಕಳಿಸಿ ಆಮೇಲೆ ಹೇಳಿದರು. ತಾತ ಲಾಳಿಯನ್ನು ಕೆಳಗಿಟ್ಟ. "ಧಣಿ, ನಮ್ಮ ಬ್ರಹ್ಮಗಿರಿ ಗುಡ್ಡದಾಗೂ ಇಷ್ಟು ಪ್ರಾಣಿ ಇಲ್ಲ. ನಾಳೆ ಹುಲಿ ಬಂದ್ರೆ ನಾನು ಮಗ್ಗ ಬಿಟ್ಟು ಓಡ್ತೀನಿ ಅಷ್ಟೆ," ಅಂದ. ಆದರೆ ನೇಯ್ದ. ಗಿಳಿ, ಬಳ್ಳಿ, ಅದರ ಕೆಳಗೆ ಸೊಂಡಿಲೆತ್ತಿದ ಆನೆ. ಅದನ್ನು ಮಗ್ಗದಿಂದ ಇಳಿಸಿದ ದಿನ ನಮ್ಮ ಬೀದಿಯ ಹೆಂಗಸರೆಲ್ಲ ಬಂದು ನೋಡಿ, ಒಬ್ಬರೂ ಏನೂ ಹೇಳದೆ ಹೋದರು. ಅದೇ ನನಗೆ ಭಯ ಹುಟ್ಟಿಸಿತು.

ಮಾವನಿಗೂ ಭಯ. ಆ ಸಂಜೆ ನಡುಮನೆಯ ಬಾಗಿಲಿಗೆ ಬಂದು ನಿಂತರು. "ಅಮ್ಮಾಯಿ, ಈ ಸೀರೆ ಬ್ಯಾಡ ಅಂದ್ಬಿಟ್ರೆ ಇನ್ಯಾರು ತಗಳ್ತಾರೆ ಇದನ್ನ? ತೊಲೆಗೆ ಎಳೆ ಕಟ್ತಿದ್ದಾಗ ಯಾರಾದ್ರೂ ಬಂದು ಬದಲು ಹೇಳಿದ್ರೆ, ಮರ್ತೆ ಕಣವ್ವ ಅಂತಿದ್ದೆ. ಮುಗೀತಿತ್ತು. ನೀನು ಬರೆದ ಮ್ಯಾಲೆ ಮರೆಯಂಗಿಲ್ಲ. ಈ ಸೀರೆ ಮನೇಲಿ ಉಳೀತು ಅಂದ್ರೆ ಆ ಪುಸ್ತಕ ಒಲೆಗೆ ಹೋಗ್ತೈತೆ, ಈಗ್ಲೇ ಹೇಳಿರ್ತೀನಿ."

ಮಾವ ಕೆಟ್ಟವರಲ್ಲ. ಹೇಳಿದಂತೆ ನಡೆಯುವವರು, ಅದೇ ತೊಂದರೆ. ಆ ಪುಸ್ತಕ ಒಲೆಗೆ ಹೋದರೆ ನಾನು ಆ ಮನೆಯಲ್ಲಿ ರಾಟೆ ತಿರುಗಿಸುವ ಎರಡು ಕೈ ಮಾತ್ರ. ತವರಿನ ತಾತ ಮರಳಿನ ಮೇಲೆ ತಿದ್ದಿಸಿದ ಅಕ್ಷರಕ್ಕೆ ಪ್ರಪಂಚದಲ್ಲಿ ಬೇರೆ ಕೆಲಸವೇ ಇರಲಿಲ್ಲ.

ದಶಮಿಯ ಬೆಳಿಗ್ಗೆ ಗಾಡಿ ಬಂತು. ಮೂವರೂ ಬಂದಿದ್ದರು. ಮುದುಕಿ ಇಳಿಯುತ್ತಲೇ ಶುರುಮಾಡಿದರು.

"ಏನಪ್ಪ ಯಜಮಾನ, ಪಂಚಮಿ ಅಂದು ದಶಮಿ ಮಾಡ್ದೆಯಲ್ಲ? ನೂಲು ಬರ್ಲಿಲ್ಲ, ಅದಕ್ಕೆ ತಡ ಅಂತ ಹೇಳಿದಿಯಂತೆ, ನನ್ನ ಮಗ ಅಂದ."

ಮಾವ ಸಾಹುಕಾರರ ಮುಖ ನೋಡಿದರು. ಸಾಹುಕಾರರು ನಮ್ಮ ಛಾವಣಿಯ ಮರಗೆಲಸ ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಗಡುವು ತಪ್ಪಿದ ಸೀರೆ ಅದುವರೆಗೆ ಒಂದೂ ಇರಲಿಲ್ಲ. ಮಾವನ ಕಿವಿ ಕೆಂಪಾಯಿತು. ಆದರೂ ಬಾಯಿ ಬಿಡದೆ ಸೀರೆಯನ್ನು ಚಾಪೆಯ ಮೇಲೆ ಬಿಚ್ಚಿಹಾಸಿದರು.

ಬಾಗಿಲ ಸಂದಿಯಲ್ಲಿ ನನಗೆ ಮೂವರ ಮುಖವೂ ಕಾಣುತ್ತಿತ್ತು. ಮುದುಕಿಯ ಕಣ್ಣು ಅಂಚಿಗೆ ಹೋಯಿತು. "ಹಸಿರೆಲ್ಲಿ? ನೇರಳೆ ಐತಲ್ಲ?" ಸೊಸೆಯವರು ಅಂಚಿನ ಕಡೆ ನೋಡಲೇ ಇಲ್ಲ, ಅವರ ಕಣ್ಣು ಸೆರಗಿನ ಮೇಲೆ. "ಗಿಳಿ ಯಾಕೆ ಬಂತು ಇಲ್ಲಿ?" ಈಗ ಮುದುಕಿ ಬೇರೆ ಕಡೆ ನೋಡಿದರು. "ಬಳ್ಳಿ ಯಾರು ಹೇಳಿದ್ದು?" ಎಂದು ಅವರು ಕೇಳುತ್ತಲೇ ಸೊಸೆಯವರಿಗೆ ಕೆಮ್ಮು ಬಂತು. ಆಮೇಲೆ ಇಬ್ಬರ ಕಣ್ಣೂ ಒಟ್ಟಿಗೆ ಕೆಳಗಿಳಿದು ಆನೆಯ ಸಾಲಿನ ಮೇಲೆ ನಿಂತವು.

"ಅಯ್ಯೋ, ಆನೆ!" ಅಂದರು ಮುದುಕಿ. "ಹೆಣ್ಣಿಗೆ ಉಡ್ಸೋದಾ, ಗುಡಿಗೆ ಹೊದ್ಸೋದಾ ಇದು?"

ಸಾಹುಕಾರರು ತಾಯಿಯ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು. ಗಾಳಿ ಎತ್ತ ಬೀಸುತ್ತಿದೆ ಎಂದು ತಿಳಿಯಲು ವ್ಯಾಪಾರಿಗೆ ಎಷ್ಟು ಹೊತ್ತು ಬೇಕು? ಎದೆ ಸೆಟೆಸಿ ಹೇಳಿಯೇಬಿಟ್ಟರು: "ಅಲ್ರಿ ಯಜಮಾನ್ರೇ, ಆನೆ ಯಾರು ಹೇಳಿದ್ರು ನಿಮಗೆ? ನಾವು ಹೇಳಿದ್ದೊಂದು, ನೀವು ಮಾಡಿದ್ದೊಂದು. ಈ ಸೀರೆ ನಮಗೆ ಬ್ಯಾಡ."

ಮಗ್ಗದ ತಾತನ ಲಾಳಿ ನಿಂತಿತು. ಮಾವ ತಿರುಗಿ ನೋಡದೆ ಕೂಗಿದರು: "ಅಮ್ಮಾಯಿ, ಪುಸ್ತಕ ತಗಂಡು ಇಲ್ಲಿ ಬಾ."

ನಾನು ಹೊಸ್ತಿಲು ದಾಟಿ ಗಿರಾಕಿಗಳ ಮುಂದೆ ಬಂದದ್ದು ಅದೇ ಮೊದಲು. ಸೆರಗು ತಲೆಯ ಮೇಲೆಳೆದುಕೊಂಡು ಚಾಪೆಯ ತುದಿಯಲ್ಲಿ ಕೂತೆ. ಮೊದಲಿಂದ ಓದಿದರೆ ಮೊದಲ ಬದಲೇ ಸೊಸೆಯವರದು, ಅತ್ತೆಗೆ ಹೇಳಬೇಡಿ ಎಂಬ ಮಾತು ಸಮೇತ. ಎರಡನೆಯದು ಅತ್ತೆಯವರದು, ಸೊಸೆಗೆ ಹೇಳಬೇಡಿ ಎಂಬುದು ಸಮೇತ. ಅಲ್ಲಿಗೇ ಆ ಇಬ್ಬರ ನಡುವೆ ಬೆಂಕಿ ಬಿದ್ದು, ಸೀರೆ ಚಾಪೆಯ ಮೇಲೇ ಉಳಿಯುತ್ತಿತ್ತು. ಓದದೆ ಬಿಟ್ಟರೆ ಮಾವ ಸುಳ್ಳುಗಾರ. ಸುಳ್ಳು ಓದೋಣವೆಂದರೆ ಸಾಹುಕಾರರಿಗೆ ಓದು ಬರುತ್ತದೆ.

ಆಗ ಮಾವನ ನಿಯಮವೇ ನನ್ನ ಕೈ ಹಿಡಿಯಿತು. "ನಮ್ಮಲ್ಲಿ ಕೊನೆ ಮಾತೇ ಮಾತು," ಎಂದೆ, ಆದಷ್ಟು ಗಟ್ಟಿಯಾಗಿ. "ಅದಕ್ಕೆ ಬದಲುಗಳನ್ನ ಕೆಳಗಿನಿಂದ ಮ್ಯಾಲಕ್ಕೆ ಓದ್ತೀನಿ."

ಹಾಳೆಯ ಕೊನೆಯ ಸಾಲಿಗೆ ಬೆರಳಿಟ್ಟು ಓದಿದೆ. "ಸೆರಗಿಗೆ ಆನೆ ಸಾಲು. ಗಡುವು ದಶಮಿ. ಒಪ್ಪಿದೆ."

"ಯಾರು ಒಪ್ಪಿದ್ದು?" ಎಂದರು ಮುದುಕಿ.

ಹಾಳೆಯನ್ನು ಆ ಸಾಲು ಮಾತ್ರ ಕಾಣುವಂತೆ ಮಡಿಸಿ ಸಾಹುಕಾರರ ಕಡೆ ತಿರುಗಿಸಿ ಹಿಡಿದೆ. "ಅಕ್ಷರ ಸ್ವಲ್ಪ ಬಾಲ ಎಳೆದೈತೆ, ನಂಗೆ ಸರಿಯಾಗಿ ಓದೋಕಾಗ್ತಿಲ್ಲ. ನೀವೇ ಒಂಚೂರು ನೋಡ್ತೀರಾ?"

ಸಾಹುಕಾರರು ನೋಡಿದರು. ತಮ್ಮದೇ ರುಜು ಅವರನ್ನೇ ನೋಡುತ್ತಿತ್ತು. ಬಾಯಲ್ಲಿದ್ದ ಎಲೆ ಅಡಿಕೆ ನುಂಗಿದ್ದು ನನಗೆ ಕಾಣಿಸಿತು.

"ಇದು..." ಅಂದರು. "ಹೌದು. ಆಗ... ರಾಯದುರ್ಗದಿಂದ ಬರೋವಾಗ..."

"ನೀನೇನೋ?" ಮುದುಕಿ ಸೊಂಟದ ಮೇಲೆ ಕೈ ಇಟ್ಟರು. "ನೂಲು ಬರ್ಲಿಲ್ಲ ಅಂತ ನನಗೆ ಸುಳ್ಳು ಹೇಳಿದ್ದೂ ನೀನೇ?"

"ಬೆರಗಾಗ್ಲಿ ಅಂತ ಅವ್ವ..."

"ಬೆರಗಾದ್ವಿ," ಎಂದರು ಹೆಂಡತಿ, ಅದೇ ಮೆತ್ತನೆ ದನಿಯಲ್ಲಿ. "ಈ ಜನುಮಕ್ಕೆ ಸಾಕಾಗೋಷ್ಟು ಬೆರಗಾದ್ವಿ. ಅತ್ತೆ, ನಿಮ್ಮ ಮಗ ಹೆಂಗಸ್ರ ಬುದ್ಧಿ ಕ್ಷಣಕ್ಕೊಂದು ಅಂತ ದಿನಾ ಹೇಳ್ತಾರಲ್ಲ."

"ಹೇಳ್ತಾನೆ, ಹೇಳ್ತಾನೆ. ಇನ್ನೊಂದ್ಸಲ ಹೇಳ್ಲಿ, ಆನೆ ತೋರಿಸ್ತೀನಿ."

ಅತ್ತೆಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಮುದುಕಿಯ ನಗು ಎಂಥದೆಂದರೆ ಬೀದಿಯ ನಾಯಿ ಬೊಗಳಿತು. ಮಗ್ಗದ ಹಿಂದಿನಿಂದ ತಾತನೂ ಕಿಸಕ್ಕೆಂದ. ಸಾಹುಕಾರರು ಬೇರೆ ದಾರಿ ಕಾಣದೆ ತಾವೂ ನಕ್ಕರು.

ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಹದಿನೆಂಟರ ವಯಸ್ಸು. ಕೆಲಸ ಪೂರ್ತಿ ಮಾಡಬೇಕೆಂಬ ಚಪಲ. "ಅದರ ಮೇಲಿನ ಬದಲು," ಎಂದು ಬೆರಳನ್ನು ಒಂದು ಸಾಲು ಮೇಲಕ್ಕೆ ಸರಿಸಿದೆ.

"ಸಾಕು ಬಿಡವ್ವ!" ಎಂದರು ಸೊಸೆಯವರು.

"ಸಾಕು ಸಾಕು, ಇನ್ನೇನು ಓದೋದು," ಎಂದರು ಮುದುಕಿ, ಅದೇ ಉಸಿರಿನಲ್ಲಿ. "ಅಂಚು ನೇರಳೆ ಆದ್ರೇನು, ಕುಂಕುಮಕ್ಕೆ ಒಪ್ತೈತೆ."

"ಗಿಳಿನೂ ಲಕ್ಷಣವಾಗೈತೆ ಅತ್ತೆ," ಎಂದರು ಸೊಸೆಯವರು ಒಡನೆಯೇ. "ಬಳ್ಳಿ ಮ್ಯಾಲೆ ಕೂತೈತೆ ನೋಡ್ರಿ, ಜೀವ ಇದ್ದಂಗೆ."

ಮುದುಕಿ ಬಗ್ಗಿ ಸೆರಗನ್ನು ಕೈಗೆತ್ತಿಕೊಂಡರು. ಬೆಳಕಿಗೆ ಹಿಡಿದು, ಗಿಳಿಯ ಕೊಕ್ಕಿನ ಮೇಲೆ ಹೆಬ್ಬೆರಳು ಸವರಿ, "ಯಾರಪ್ಪ ನೇಯ್ದಿದ್ದು? ಕೈ ಚೆನ್ನಾಗೈತೆ," ಅಂದರು. ಮಗ್ಗದ ತಾತ ಲಾಳಿ ಬಿಟ್ಟು ಎದ್ದು ಬಂದು ಕೈ ಮುಗಿದ. ಉಳಿದ ಹಣ ತಕರಾರಿಲ್ಲದೆ ಬಂತು. ನಾನು ಹಾಳೆಯ ಅಡ್ಡಕ್ಕೆ ಗೆರೆ ಎಳೆದು "ಸೀರೆ ಮುಟ್ಟಿತು" ಎಂದು ಬರೆದೆ.

ಗಾಡಿ ಕಟ್ಟುವ ಹೊತ್ತಿಗೆ ಸೊಸೆಯವರು ಕಾಲು ತೊಳೆಯುವ ನೆವದಲ್ಲಿ ಹಿತ್ತಲಿಗೆ ಬಂದರು. ನನ್ನ ಕೈಯಲ್ಲಿ ಒಂದು ಕೊಬ್ಬರಿ ಗಿಟಕು ಇಟ್ಟು, "ಆ ಹಾಳೆ ಹರಿದುಹಾಕ್ತೀಯೇನವ್ವ?" ಅಂದರು.

"ಹರಿಯೋಕಾಗಲ್ಲ ಅಮ್ಮ. ಆದ್ರೆ ಮುಚ್ಚಿಡ್ತೀನಿ."

ಅವರು ಹೋದ ಮೇಲೆ ಮುದುಕಿ ಬಂದರು. ಅವರು ಕೇಳಿದ್ದು ಬೇರೆ. "ನಂದು ಯಾವ ಸಾಲು, ತೋರ್ಸು ನೋಡಾನ." ತೋರಿಸಿದೆ. ಓದಲು ಬಾರದ ಕಣ್ಣಿನಿಂದ ಅದನ್ನು ತುಂಬ ಹೊತ್ತು ನೋಡಿದರು. "ನಾನು ಆಡಿದ ಮಾತು ಇಷ್ಟುದ್ದ ಐತಾ? ಇದರ ಮ್ಯಾಲಿಂದು ಯಾರ್ದು?"

"ಅದು ಗೊತ್ತಾಗಲ್ಲಮ್ಮ," ಎಂದೆ.

"ನಂಗೆ ಗೊತ್ತು ಬಿಡು," ಎಂದು ಮುದುಕಿ ಕಣ್ಣು ಮಿಟುಕಿಸಿದರು. "ನೇರಳೆ ನೋಡಿದ ಕೂಡ್ಲೆ ಗೊತ್ತಾಯ್ತು. ಅವಳ ಮದುವೇಲಿ ನೇರಳೆ ಬೇಕು ಅಂದಿದ್ಲು, ನಾನು ಹಸಿರು ತಂದಿದ್ದೆ." ಅಷ್ಟು ಹೇಳಿ ಗಾಡಿ ಹತ್ತಿದರು. ಗಾಡಿ ಬೀದಿ ತಿರುಗುವವರೆಗೂ ಸಾಹುಕಾರರಿಗೆ ಆನೆಯ ಮಾತು ತಪ್ಪಲಿಲ್ಲ.

ಅಂದು ಊಟವಾದ ಮೇಲೆ ಮಾವ ಪುಸ್ತಕ ತರಿಸಿಕೊಂಡರು. ತಲೆಕೆಳಗಾಗಿ ಹಿಡಿದು ತಿರುವಿ ಹಾಕಿದರು. ಒಲೆಯ ಮಾತು ಎತ್ತಲಿಲ್ಲ.

"ಇನ್ಮ್ಯಾಲೆ ಯಾರೇ ಬದಲು ಹೇಳಿಕಳಿಸ್ಲಿ," ಎಂದರು, "ಹೇಳಿಕಳಿಸಿದವ್ರು ತಾವೇ ಬಂದು ಹೇಳ್ಬೇಕು ಅಂತ ಮ್ಯಾಲೆ ಬರಿ, ದಪ್ಪಕ್ಷರದಾಗೆ."

"ಬರೀತೀನಿ ಮಾವ. ಆದ್ರೆ ಅದನ್ನ ಓದೋರು ಯಾರು?"

ಅತ್ತೆ ಒಳಗಿನಿಂದಲೇ ಅಂದರು: "ಇವಳೇ ಹೇಳ್ಲಿ ಬಿಡ್ರಿ. ಬಾಗಿಲ ಸಂದೀಲಿ ಕೂತು ಕತ್ತು ನೋಯಿಸ್ಕಂಡಿದ್ದು ಸಾಕು."

ಮರುದಿನ ಹೊಸ ಗಿರಾಕಿ ಬಂದು ಪಡಸಾಲೆಯಲ್ಲಿ ಕೂತು ಬಾಯಿ ತೆರೆದ. ಮಾವ ಕೈ ಅಡ್ಡ ಹಿಡಿದರು.

"ತಡೀರಿ, ನಮ್ಮ ಅಮ್ಮಾಯಿ ಬರ್ಲಿ. ಆಮ್ಯಾಲೆ ಹೇಳ್ರಿ. ಒಂದು ಮಾತು, ನಿಮ್ಮ ಮನೆಯವ್ರಿಗೂ ಗೊತ್ತಿರೋದನ್ನೇ ಹೇಳ್ರಿ."

ನಾನು ಪುಸ್ತಕ ಹಿಡಿದು ಹೊರಗೆ ಬಂದು, ಅವರಿಬ್ಬರ ನಡುವೆ ಚಾಪೆಯ ಮೇಲೆ ಕೂತೆ.